ಬೀಗ ಹಾಕದ ತಿದ್ದುಪಡಿ: ಆವೃತ್ತಿ ಸಂಖ್ಯೆ ಕಾಯುವುದೇನು, ಬಿಡುವುದೇನು?

ಕೆಲಸಗಳ ಪಟ್ಟಿಯೊಂದರಲ್ಲಿ 318ನೆಯ ಕೆಲಸ 'ಪಂಪ್ ದುರಸ್ತಿ' ಎಂದಿಟ್ಟುಕೊಳ್ಳೋಣ. ಗಡುವು ಬುಧವಾರ, ವಹಿಸಿರುವುದು ಮೊದಲ ಪಾಳಿಯವರಿಗೆ. ಬೆಳಿಗ್ಗೆ 10:02ಕ್ಕೆ ಮೇಲ್ವಿಚಾರಕಿ ಅದನ್ನು ತೆರೆಯುತ್ತಾರೆ, 10:03ಕ್ಕೆ ಎಂಜಿನಿಯರ್ ತೆರೆಯುತ್ತಾರೆ. ಮೇಲ್ವಿಚಾರಕಿ ಗಡುವನ್ನು ಶುಕ್ರವಾರಕ್ಕೆ ಮುಂದೂಡಿ 10:05ಕ್ಕೆ ಉಳಿಸುತ್ತಾರೆ. ಎಂಜಿನಿಯರ್ ಗಡುವನ್ನು ಮುಟ್ಟುವುದೇ ಇಲ್ಲ. ಕೆಲಸವನ್ನು ಎರಡನೇ ಪಾಳಿಗೆ ವಹಿಸಿ 10:06ಕ್ಕೆ ಉಳಿಸುತ್ತಾರೆ, ಅಷ್ಟೆ. ಆದರೆ ಅವರ ಪರದೆಯ ನಮೂನೆ ತನ್ನಲ್ಲಿರುವ ಎಲ್ಲ ಅಂಕಣಗಳನ್ನೂ ಒಟ್ಟಿಗೆ ಕಳಿಸುತ್ತದೆ. ಅದರೊಳಗೆ ಹಳೆಯ ಬುಧವಾರವೂ ಇರುತ್ತದೆ. ಶುಕ್ರವಾರ ಅಳಿಸಿಹೋಗುತ್ತದೆ. ದೋಷದ ಸಂದೇಶವಿಲ್ಲ, ಇಬ್ಬರಿಗೂ ಕಾಣುವುದು 'ಉಳಿಸಲಾಗಿದೆ' ಎಂಬ ಮಾತು ಮಾತ್ರ. ಡೇಟಾಬೇಸ್ ಕ್ಷೇತ್ರದಲ್ಲಿ ಇದಕ್ಕೆ 'ಲಾಸ್ಟ್ ಅಪ್‌ಡೇಟ್', ಅಂದರೆ ಕಳೆದುಹೋದ ತಿದ್ದುಪಡಿ ಎಂದು ಹೆಸರು.

ಇದಕ್ಕೆ ಮೊದಲು ಸಿಕ್ಕ ಗಟ್ಟಿಯಾದ ಉತ್ತರ ಬೀಗ. 1976ರಲ್ಲಿ ಐಬಿಎಂನ ಈಶ್ವರನ್, ಗ್ರೇ, ಲೋರಿ ಮತ್ತು ಟ್ರೈಗರ್ ಪ್ರಕಟಿಸಿದ ಪ್ರಬಂಧ ಎರಡು ಹಂತದ ಬೀಗದ ನಿಯಮಕ್ಕೆ ಶಾಸ್ತ್ರೀಯ ತಳಹದಿ ಹಾಕಿತು. ಬೇಕಾದ ಬೀಗಗಳನ್ನೆಲ್ಲ ಹಾಕಿಕೊಳ್ಳುತ್ತಾ ಹೋಗಬೇಕು. ಒಮ್ಮೆ ಒಂದನ್ನು ಬಿಟ್ಟ ಮೇಲೆ ಹೊಸದನ್ನು ಹಾಕುವಂತಿಲ್ಲ. ಯಂತ್ರ ಯಂತ್ರದೊಡನೆ ಪೈಪೋಟಿಗಿಳಿದಾಗ ಬೀಗ ಮಿಲಿಸೆಕೆಂಡುಗಳಲ್ಲಿ ತೆರೆಯುತ್ತದೆ. ನಮ್ಮ ಎಂಜಿನಿಯರ್ ಮಾತ್ರ ನಮೂನೆ ತೆರೆದಿಟ್ಟು ಊಟಕ್ಕೆ ಹೋಗಬಹುದು. ಅವರು ಬರುವವರೆಗೆ ಆ ಸಾಲನ್ನು ಯಾರೂ ತಿದ್ದುವಂತಿಲ್ಲ ಎಂದರೆ ಕೆಲಸ ನಡೆಯುವುದಿಲ್ಲ.

1981ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಎಚ್. ಟಿ. ಕುಂಗ್ ಮತ್ತು ಜಾನ್ ಟಿ. ರಾಬಿನ್ಸನ್ ಬೀಗವಿಲ್ಲದ ದಾರಿಯೊಂದನ್ನು ಪ್ರಬಂಧವಾಗಿ ಪ್ರಕಟಿಸಿದರು. 'ಆಶಾವಾದಿ' ಎಂಬ ವಿಶೇಷಣ ಈ ವಿಧಾನಕ್ಕೆ ಅಂಟಿದ್ದು ಆ ಪ್ರಬಂಧದಿಂದಲೇ. ಘರ್ಷಣೆ ಅಪರೂಪ ಎಂದು ನಂಬಿ ಮುಂದುವರಿಯಬೇಕು, ಕೊನೆಯಲ್ಲಿ ಮಾತ್ರ ಪರೀಕ್ಷಿಸಬೇಕು ಎಂಬುದು ಅದರ ತಿರುಳು. ಓದು, ಪರಿಶೀಲನೆ, ಬರಹ ಎಂದು ಮೂರು ಹಂತ. ಪ್ರತಿ ವಹಿವಾಟೂ ತಾನು ಓದಿದ್ದರ ಪಟ್ಟಿಯನ್ನೂ ಬರೆಯಲಿರುವುದರ ಪಟ್ಟಿಯನ್ನೂ ಇಟ್ಟುಕೊಳ್ಳುತ್ತದೆ. ಇಡೀ ವ್ಯವಸ್ಥೆಗೆ ಒಂದೇ ಎಣಿಕೆಗಾರ. ಶುರುವಿನಲ್ಲಿ ಅದು ಎಷ್ಟಿತ್ತು ಎಂಬುದನ್ನು ವಹಿವಾಟು ಗುರುತು ಮಾಡಿಕೊಳ್ಳುತ್ತದೆ. ಕೊನೆಗೆ, ಆ ಸಂಖ್ಯೆಯ ನಂತರ ಮುಗಿದ ಪ್ರತಿ ವಹಿವಾಟು ಬರೆದದ್ದರಲ್ಲಿ ತಾನು ಓದಿದ್ದು ಏನಾದರೂ ಸೇರಿದೆಯೇ ಎಂದು ನೋಡುತ್ತದೆ. ಸೇರಿದ್ದರೆ ಮಾಡಿದ್ದನ್ನೆಲ್ಲ ಬಿಟ್ಟು ಮೊದಲಿನಿಂದ ಶುರು.

ಇಲ್ಲಿ ಎರಡು ಸಂಗತಿಗಳನ್ನು ಗಮನಿಸಬೇಕು. ಸಂಖ್ಯೆ ಇದ್ದದ್ದು ವಹಿವಾಟಿಗೆ, ಸಾಲಿಗಲ್ಲ. ಪರೀಕ್ಷೆಯಾದದ್ದು ಓದಿದ್ದೆಲ್ಲದರ ಮೇಲೆ, ಬರೆದದ್ದರ ಮೇಲೆ ಮಾತ್ರವಲ್ಲ. ಇಂದು ನಾವು ಅದೇ ಹೆಸರಿನಲ್ಲಿ ಬಳಸುತ್ತಿರುವ ವಿಧಾನ ಈ ಎರಡರಲ್ಲೂ ಭಿನ್ನ. ಸಂಖ್ಯೆ ಸಾಲಿನೊಳಗೇ ಕುಳಿತಿದೆ, ಓದುವವರ ಪರದೆಗೆ ಅದೂ ಹೋಗುತ್ತದೆ, ಉಳಿಸುವಾಗ ಮರಳಿ ಬರುತ್ತದೆ. 318ನೆಯ ಕೆಲಸ ಏಳನೆಯ ಆವೃತ್ತಿಯಲ್ಲಿದ್ದಾಗ ಇಬ್ಬರೂ ಅದನ್ನು ತೆರೆದಿದ್ದರೆ ಎಂಜಿನಿಯರ್ ಉಳಿಸುವ ಹೊತ್ತಿಗೆ ಹೋಗುವ ಆಜ್ಞೆ ಹೀಗಿರುತ್ತದೆ:

```
UPDATE tasks
SET due = 'Wed', shift = 2, version = version + 1
WHERE id = 318 AND version = 7;
```

ಮೇಲ್ವಿಚಾರಕಿ ಆಗಲೇ ಉಳಿಸಿದ್ದರಿಂದ ಸಾಲು ಎಂಟನೆಯ ಆವೃತ್ತಿಗೆ ಹೋಗಿದೆ. ಬದಲಾದ ಸಾಲುಗಳ ಸಂಖ್ಯೆ ಸೊನ್ನೆ ಎಂದು ಡೇಟಾಬೇಸ್ ಹೇಳುತ್ತದೆ. ಆ ಸೊನ್ನೆಯೇ ಘರ್ಷಣೆಯ ಸುದ್ದಿ, ಅದನ್ನು ನೋಡದೆ ಮುಂದೆ ಹೋದರೆ ಉಳಿದದ್ದೆಲ್ಲ ವ್ಯರ್ಥ. ಸಾಲನ್ನು ಯಾರಾದರೂ ಅಳಿಸಿದ್ದರೂ ಸೊನ್ನೆಯೇ ಬರುವುದರಿಂದ ಮತ್ತೊಮ್ಮೆ ಓದಿ ಯಾವುದೆಂದು ತಿಳಿಯಬೇಕು.

ಇಬ್ಬರೂ ನಿಜಕ್ಕೂ ಒಂದೇ ಕ್ಷಣದಲ್ಲಿ ಉಳಿಸಿದರೆ? ಆಗ ಕಾಯುವುದು ಬೀಗವೇ. ಪೋಸ್ಟ್‌ಗ್ರೆಸ್‌ನ ಸಾಮಾನ್ಯ ವ್ಯವಸ್ಥೆಯಲ್ಲಿ ಎರಡನೆಯ ಆಜ್ಞೆ ಮೊದಲನೆಯದು ಮುಗಿಯುವವರೆಗೆ ಆ ಸಾಲಿನ ಬಳಿ ನಿಲ್ಲುತ್ತದೆ, ಆಮೇಲೆ ಹೊಸ ಸಾಲಿನ ಮೇಲೆ ಷರತ್ತನ್ನು ಮತ್ತೆ ಹಚ್ಚಿ ನೋಡುತ್ತದೆ. ಕುಂಗ್ ಮತ್ತು ರಾಬಿನ್ಸನ್ ಅವರ ಪರಿಶೀಲನೆಯೂ ಒಬ್ಬರು ಒಳಗಿದ್ದರೆ ಇನ್ನೊಬ್ಬರು ಹೊರಗೆ ನಿಲ್ಲುವ ಕಟ್ಟುಪಾಡಿನೊಳಗೇ ನಡೆಯುತ್ತಿತ್ತು. ಹಾಗಾಗಿ 'ಬೀಗವಿಲ್ಲದ' ಎನ್ನುವುದನ್ನು ಮನುಷ್ಯ ಯೋಚಿಸುವ ಹೊತ್ತಿನಲ್ಲಿ ಬೀಗವಿಲ್ಲದ ಎಂದು ಓದಿಕೊಳ್ಳುವುದು ಸರಿ.

ಜಾಲದ ಮೂಲಕ ತಿದ್ದುವಾಗಿನ ನಿಯಮ 1997ರ ಜನವರಿಯಲ್ಲಿ ಬಂದ ಎಚ್‌ಟಿಟಿಪಿ 1.1ರಲ್ಲಿದೆ. ಸರ್ವರ್ `ETag` ಎಂಬ ಗುರುತು ಕೊಡುತ್ತದೆ, ಉಳಿಸುವವರು ಅದನ್ನು `If-Match` ಜೊತೆ ಹಿಂದಿರುಗಿಸುತ್ತಾರೆ, ಹೊಂದದಿದ್ದರೆ 412 ಬರುತ್ತದೆ. 1999ರಲ್ಲಿ ನೀಲ್ಸನ್ ಮತ್ತು ಲಾಲಿಬರ್ಟೆ ವಿಶ್ವವ್ಯಾಪಿ ಜಾಲದ ಒಕ್ಕೂಟಕ್ಕಾಗಿ ಬರೆದ ಟಿಪ್ಪಣಿ ಇದನ್ನು ಕಳೆದುಹೋದ ತಿದ್ದುಪಡಿಗೆ ಪರಿಹಾರವೆಂದೇ ವಿವರಿಸಿತು. ಕೊನೆಯ ತಿದ್ದುಪಡಿಯ ಸಮಯವನ್ನು ಹೋಲಿಸುವ ದಾರಿಯೂ ಅದೇ ನಿಯಮದಲ್ಲಿತ್ತು. ಆದರೆ ಅಲ್ಲಿನ ಗಡಿಯಾರ ಸೆಕೆಂಡಿಗಿಂತ ಸಣ್ಣದನ್ನು ಎಣಿಸುವುದಿಲ್ಲ. ಒಂದೇ ಸೆಕೆಂಡಿನೊಳಗೆ ಎರಡು ಬಾರಿ ಉಳಿಸಿದರೆ ಅದಕ್ಕೆ ಎರಡೂ ಒಂದೇ.

ನನ್ನ ಅನುಭವದಲ್ಲಿ ಹೆಚ್ಚು ಕಾಣುವ ತಪ್ಪು ಸಂಖ್ಯೆಯನ್ನು ಇಟ್ಟೂ ಅದನ್ನು ಬಳಸದಿರುವುದು. ಉಳಿಸುವ ವಿನಂತಿ ಬಂದೊಡನೆ ಸರ್ವರ್ ಸಾಲನ್ನು ಹೊಸದಾಗಿ ಓದುತ್ತದೆ, ಅದರಲ್ಲಿರುವ ಎಂಟನ್ನೇ ತೆಗೆದು ಷರತ್ತಿಗೆ ಹಾಕುತ್ತದೆ. ಪರದೆಯಿಂದ ಬಂದ ಏಳನ್ನು ಯಾರೂ ಕೇಳುವುದಿಲ್ಲ, ಪರೀಕ್ಷೆ ಹೆಚ್ಚುಕಡಿಮೆ ಯಾವಾಗಲೂ ಪಾಸಾಗುತ್ತದೆ. ಕೋಡ್ ಓದಿದವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ. ಪತ್ತೆ ಮಾಡಲು ಎರಡು ಕಿಟಕಿಗಳಲ್ಲಿ ಒಂದೇ ಕೆಲಸ ತೆರೆದು, ಒಂದರಲ್ಲಿ ಉಳಿಸಿ, ನಂತರ ಇನ್ನೊಂದರಲ್ಲಿ ಉಳಿಸಿದರೆ ಸಾಕು. ಎರಡನೆಯದೂ ಉಳಿದರೆ ಕಾವಲು ಇಲ್ಲ.

ಕಾವಲು ಸರಿಯಾಗಿದ್ದಾಗಲೂ ಅದು ಕಾಯುವುದು ಒಂದು ಸಾಲನ್ನು ಮಾತ್ರ. ಪಂಪ್ ದುರಸ್ತಿಗೆ ಮೂರು ಉಪಕೆಲಸಗಳಿವೆ, ಮೂರೂ ಮುಗಿದರೆ ಮಾತ್ರ ಮುಖ್ಯ ಕೆಲಸ ಮುಗಿಸಬಹುದು ಎನ್ನೋಣ. ಮೂರೂ ಮುಗಿದದ್ದನ್ನು ನೋಡಿ ಮೇಲ್ವಿಚಾರಕಿ ಮುಖ್ಯ ಕೆಲಸವನ್ನು ಮುಗಿಸುತ್ತಾರೆ. ಅದೇ ಹೊತ್ತಿಗೆ ಸೋರಿಕೆ ಕಂಡ ಎಂಜಿನಿಯರ್ ಒಂದು ಉಪಕೆಲಸವನ್ನು ಮತ್ತೆ ತೆರೆಯುತ್ತಾರೆ. ತಿದ್ದಿದ ಸಾಲುಗಳು ಬೇರೆ ಬೇರೆ, ಎರಡರ ಸಂಖ್ಯೆಯೂ ಹೊಂದುತ್ತದೆ, ಎರಡೂ ಉಳಿಯುತ್ತವೆ. 1981ರ ವಿಧಾನದಲ್ಲಿ ಇದು ಸಿಕ್ಕಿಬೀಳುತ್ತಿತ್ತು, ಏಕೆಂದರೆ ಮೇಲ್ವಿಚಾರಕಿ ಓದಿದ ಪಟ್ಟಿಯಲ್ಲಿ ಆ ಉಪಕೆಲಸವೂ ಇತ್ತು. ಓದಿದ್ದನ್ನು ಲೆಕ್ಕದಿಂದ ಬಿಟ್ಟದ್ದು ಈ ಇತಿಹಾಸದ ನಿಜವಾದ ನಷ್ಟ ಎಂದು ನನ್ನ ಅಭಿಪ್ರಾಯ. ಉಪಕೆಲಸ ಬದಲಾದಾಗಲೆಲ್ಲ ಮುಖ್ಯ ಕೆಲಸದ ಸಂಖ್ಯೆಯನ್ನೂ ಏರಿಸುವುದು ರೂಢಿಯಲ್ಲಿರುವ ಪರಿಹಾರ. ಜಾವಾದ ಜೆಪಿಎ 2.0ರಲ್ಲಿ `OPTIMISTIC_FORCE_INCREMENT` ಇರುವುದು ಇಂಥದ್ದಕ್ಕೇ.

ಇನ್ನೊಂದು ಬದಲಾವಣೆ 'ಮೊದಲಿನಿಂದ ಶುರು' ಎಂಬ ಮಾತಿನಲ್ಲಿದೆ. ಯಂತ್ರ ಅದನ್ನು ಬೇಸರವಿಲ್ಲದೆ ಮಾಡುತ್ತದೆ. ಪದೇ ಪದೇ ಸೋಲುವ ವಹಿವಾಟಿಗಾಗಿ ಕುಂಗ್ ಮತ್ತು ರಾಬಿನ್ಸನ್ ಉಳಿದವರನ್ನೆಲ್ಲ ನಿಲ್ಲಿಸಿ ಅದೊಂದನ್ನೇ ಮುಗಿಸುವ ಏರ್ಪಾಡನ್ನೂ ಮಾಡಿದ್ದರು. ಪರದೆಯ ಮುಂದಿರುವ ಮನುಷ್ಯನಿಗೆ ಮೊದಲಿನಿಂದ ಶುರು ಮಾಡುವುದೆಂದರೆ ಮತ್ತೆ ಯೋಚಿಸುವುದು. 412 ಬಂದಾಗ ನಮೂನೆಯನ್ನು ಖಾಲಿ ಮಾಡಿ 'ಮತ್ತೆ ಪ್ರಯತ್ನಿಸಿ' ಎಂದರೆ ಎಂಜಿನಿಯರ್ ಬರೆದದ್ದು ಹೋಗುತ್ತದೆ. ಕಳೆದುಹೋಗುವ ತಿದ್ದುಪಡಿ ಮೇಲ್ವಿಚಾರಕಿಯದರ ಬದಲು ಅವರದಾಗುತ್ತದೆ. ಇಬ್ಬರೂ ಬೇರೆ ಬೇರೆ ಅಂಕಣ ತಿದ್ದಿದ್ದಾರಲ್ಲ, ತಾನಾಗಿಯೇ ಬೆಸೆಯಲಿ ಎಂಬ ಸಲಹೆಯೂ ಇದೆ. ಆಗ ಸಾಲು 'ಶುಕ್ರವಾರ, ಎರಡನೇ ಪಾಳಿ' ಎಂದಾಗುತ್ತದೆ. ಆ ಶುಕ್ರವಾರ ಎರಡನೇ ಪಾಳಿಗೆ ರಜೆಯಿದ್ದರೆ, ಇಬ್ಬರಲ್ಲಿ ಯಾರೂ ಬರೆಯದ, ಯಾರೂ ಒಪ್ಪದ ಸಾಲು ಅದು. ಹಾಗಾಗಿ ತೆರೆದಾಗ ಇದ್ದದ್ದು ಬುಧವಾರ, ಈಗ ಇರುವುದು ಶುಕ್ರವಾರ, ನೀವು ಬದಲಿಸಿದ್ದು ಪಾಳಿ ಎಂದು ಮೂರನ್ನೂ ಅಕ್ಕಪಕ್ಕ ಇಟ್ಟು ಎಂಜಿನಿಯರ್ ಅವರನ್ನೇ ಕೇಳಬೇಕು. ಅವರು ಒಪ್ಪಿ ಒತ್ತಿದಾಗ ಹೋಗುವ ಆಜ್ಞೆಯಲ್ಲಿ ಷರತ್ತು `version = 8` ಆಗಿರಬೇಕು. ಅವರು ಯೋಚಿಸುತ್ತಿದ್ದಾಗ ಮೂರನೆಯವರು ಯಾರಾದರೂ ಉಳಿಸಿದ್ದರೆ, ಅದೂ ಸೊನ್ನೆಯಾಗಿಯೇ ಮರಳುತ್ತದೆ.