ರೊಟ್ಟಿ ಹರಿಯೋದು ಕೈಯಿಂದನೋ, ಜೋಳದಿಂದನೋ?

ನಮ್ಮ ತಿರ್ಲಾಪುರದಾಗ ಹೊಸ ಸೊಸಿ ರೊಟ್ಟಿ ಬಡಿಯಾಕ ಕುಂತ್ರ ಎಲ್ಲಾರ ಕಣ್ಣು ರೊಟ್ಟಿ ಅಂಚಿನ ಮ್ಯಾಲ. ಅಂಚು ಸೀಳಿದ್ರ "ತವರಮನ್ಯಾಗ ಏನ್ ಕಲಿಸ್ಯಾರವಾ" ಅಂತ ಒಂದು ಮಾತು ಬರ್ತಿತ್ತು. ಆದ್ರ ಒಂದು ಕಾಲಕ್ಕ ಪಳಗಿದ ಅತ್ತೆಂದಿರು ಬಡಿದ ರೊಟ್ಟಿನೂ ಹರೀತಿದ್ದವು. ಅವರ ಕೈ ಬದಲಾಗಿರಲಿಲ್ಲ, ಜೋಳ ಬದಲಾಗಿತ್ತು.

ನಮ್ಮ ಎರಿ ಹೊಲದ್ದು ಹಿಂಗಾರಿ ಬಿಳಿಜೋಳ. ಎಲ್ಲಾರಿಗೂ ಗೊತ್ತಿರೋ ಮಾಲದಂಡಿ, ಅಂದ್ರ ಎಂ 35-1, ಸೋಲಾಪುರ ಜಿಲ್ಲಾದ ಮೋಹೋಳದಾಗ 1930ರ ದಶಕದಾಗ ಆರಿಸಿ ತೆಗೆದ ತಳಿ. ಇದು ಮಾಗಿ ಚಳಿಗೆ ತೆನಿ ಕಟ್ಟಿ ಒಣ ಹವಾದಾಗ ಬಲೀತೈತಿ. ಕಾಳು ದುಂಡಗ, ಹೊಳಪಾಗಿ ಇರ್ತಾವು.

1964ರಾಗ ದೇಶದ ಮೊದಲನೇ ಹೈಬ್ರೀಡ್ ಜೋಳ ಸಿಎಸ್‌ಎಚ್-1 ಬಂತು. ಅದು ಮುಂಗಾರಿ ಬೆಳಿ, ಇಳುವರಿ ಜಾಸ್ತಿ, ಹಸಿವಿಗೆ ಆಸರಾತು. ಆದ್ರ ಇಂಥಾ ಜೋಳದ ತೆನಿ ಬಲಿಯೋ ಹೊತ್ತಿಗೆ ಮಳಿ ಹಿಡಿದ್ರ ಕಾಳು ಕಪ್ಪಾಗಿ ಬೂಷ್ಟು ಹಿಡಿತಿದ್ದವು, ತೆನ್ಯಾಗನ ಮೊಳಕಿ ಒಡಿತಿದ್ದವು. ರೊಟ್ಟಿ ಕೆಟ್ಟಿದ್ದು ಅಲ್ಲಿಂದ.

ಯಾಕಂದ್ರ ಜೋಳಕ್ಕ ಗೋದಿಯಂಗ ಎಳದ್ರ ಹಿಗ್ಗೋ ಅಂಟಿಲ್ಲ. ಜೋಳದಾಗಿನ ಪಿಷ್ಟ ಕುದಿಯೋ ನೀರಿಗೆ ಉಬ್ಬಿ ಗಂಜಿಯಾಗಿ ಹಿಟ್ಟನ್ನ ಹಿಡಕೋತೈತಿ. ಅದಕ್ಕ ನಾವು ಜಿಗಿ ಅಂತೀವಿ. ಮೊಳಕಿ ಒಡೆದ ಕಾಳಿನಾಗ ಆ ಪಿಷ್ಟ ಮೊದಲ ಮುರಿದಿರ್ತೈತಿ, ಎಷ್ಟು ನಾದಿದ್ರೂ ಜಿಗಿ ಬರಂಗಿಲ್ಲ.

ಈಗ ತಪ್ಪು ಯಾವುದು ಅಂತ ಹಿಂಗ ನೋಡ್ರಿ. ನಾಲ್ಕು ವಾಟಗಾ ಹಿಟ್ಟಿಗೆ ಎರಡು ವಾಟಗಾ ನೀರು ಚಿಟಿಕಿ ಉಪ್ಪು ಹಾಕಿ ಎಸರಿಡ್ರಿ. ಹಿಟ್ಟಿನ ನಡುವ ಕುಣಿ ಮಾಡಿ, ಕುದಿಯೋ ಎಸರನ್ನ ಅದರಾಗ ಸುರುವಿ, ಕಟಗಿ ಹುಟ್ಟಿಲೆ ಕಲಸಿ ಐದು ನಿಮಿಷ ಮುಚ್ಚಿಡ್ರಿ. ಎಸರು ಬರೇ ಬೆಚ್ಚಗಿದ್ರ ಪಿಷ್ಟ ಉಬ್ಬಂಗಿಲ್ಲ. ಆಮ್ಯಾಲ ಎಲ್ಲಾ ಹಿಟ್ಟು ಒಮ್ಮೆಲೆ ನಾದಬ್ಯಾಡ್ರಿ, ಆರಿ ಬಿರುಸಾಗ್ತೈತಿ. ಒಂದು ರೊಟ್ಟಿಗೆ ಆಗೋವಷ್ಟು ತೊಗೊಂಡು, ತಣ್ಣೀರು ಚಿಮುಕಿಸ್ತಾ ಅಂಗೈ ಬುಡದಿಂದ ಒತ್ತಿ ಒತ್ತಿ ನುಣ್ಣಗ ಆಗೋತನಕ ನಾದ್ರಿ. ಉಂಡಿ ಮಾಡಿ ಹೆಬ್ಬೆರಳಿಲೆ ಒತ್ತಿದ್ರ ಅಂಚು ಬಿರಿಬಾರದು.

ಬಿರಿದ್ರ ಇನ್ನೊಂದಿಷ್ಟು ನೀರು ಚಿಮುಕಿಸಿ ನಾದ್ರಿ. ಆಗ ಕೂಡಿಕೊಂಡ್ರ ಮೊದಲು ನೀರೋ, ನಾದೋದೋ ಸಾಲಿರಲಿಲ್ಲ ಅಂತ ತಿಳೀರಿ. ನೀರು ಹಾಕಿದಂಗ ಕೈಗೆ ಅಂಟಿ, ಬಡಿಯುವಾಗ ಮತ್ತ ಸೀಳಿದ್ರ ತಪ್ಪು ಹಿಟ್ಟಿಂದು: ಕಾಳು ಮಳಿ ಕಂಡಿರ್ತೈತಿ, ಇಲ್ಲಾ ಹಿಟ್ಟು ಹಳೇದಾಗಿರ್ತೈತಿ. ನಾಲಿಗಿ ಮ್ಯಾಲ ಇಟ್ರ ಹಳೇ ಹಿಟ್ಟು ಕಹಿ ಅನಸ್ತೈತಿ.

ಬೀಸುಕಲ್ಲಿನ ಕಾಲದಾಗ ಇವತ್ತಿಗೆ ಬೇಕಾದ್ದು ಇವತ್ತ ಬೀಸ್ತಿದ್ರು, ಹಿಟ್ಟು ಹಳೇದಾಗಾಕ ಹೊತ್ತೇ ಸಿಗ್ತಿರಲಿಲ್ಲ. ಗಿರಣಿ ಬಂದ ಮ್ಯಾಲ ಒಂದೇ ಸಲ ಡಬ್ಬಿ ತುಂಬಸ್ತೀವಿ. ಮಳಿಗಾಲದಾಗ ವಾರಕ್ಕ ಆಗೋವಷ್ಟೇ ಬೀಸ್ಸ್ರಿ. ಡಬ್ಬಿ ಹಿಟ್ಟು ಜಿಗಿ ಬಿಟ್ಟಿದ್ರ ಅರ್ಧದಷ್ಟು ಹೊಸ ಹಿಟ್ಟು ಬೆರಸ್ರಿ, ರೊಟ್ಟಿ ಕೂಡ್ತಾವು. ಮಳಿ ಕಂಡ ಕಪ್ಪು ಕಾಳಿಗೆ ಮಾತ್ರ ಯಾವ ಎಸರೂ ಮದ್ದಲ್ಲ. ಸೊಸಿ ಕೈ ನೋಡೋಕಿಂತ ಮೊದಲು ಡಬ್ಬಿ ಮುಚ್ಚಳ ತೆಗೆದು ಹಿಟ್ಟು ನೋಡ್ರಿ.