ಕರ್ನಾಟಕ ಸಂಗೀತದ ತಾಳ: ಲಘು, ದ್ರುತ, ಅನುದ್ರುತಗಳ ಚರಿತ್ರೆ

ಹಾಡಿನ ಕಾಲವನ್ನು ಸಮ ಅಳತೆಯ ಆವರ್ತಗಳಾಗಿ ಕಟ್ಟಿ, ಪ್ರತಿ ಆವರ್ತದ ಒಳವಿಭಾಗಗಳನ್ನು ಕೈಯಿಂದ ತೋರಿಸುವ ಕ್ರಮಕ್ಕೆ ಕರ್ನಾಟಕ ಸಂಗೀತದಲ್ಲಿ ತಾಳ ಎಂದು ಹೆಸರು. ಆವರ್ತದ ಎಣಿಕೆಯ ಘಟಕ ಅಕ್ಷರ. ಅಕ್ಷರಗಳ ಗುಂಪು ಅಂಗ. ಇಂದು ಬಳಕೆಯಲ್ಲಿರುವ ಅಂಗಗಳು ಮೂರು. ಅನುದ್ರುತಕ್ಕೆ ಒಂದೇ ಅಕ್ಷರ, ಅದನ್ನು ಒಂದು ಘಾತದಿಂದ ತೋರಿಸುತ್ತಾರೆ. ದ್ರುತಕ್ಕೆ ಎರಡು ಅಕ್ಷರ: ಮೊದಲು ಘಾತ, ಆಮೇಲೆ ಅಂಗೈಯನ್ನು ಮೇಲ್ಮುಖವಾಗಿ ತಿರುಗಿಸುವ ಹುಸಿ. ಲಘುವಿನಲ್ಲಿ ಮೊದಲು ಘಾತ, ಬಳಿಕ ಕಿರುಬೆರಳಿನಿಂದ ಆರಂಭಿಸಿ ಬೆರಳೆಣಿಕೆ. ಮೊದಲ ಎರಡು ಅಂಗಗಳ ಅಳತೆ ಎಂದೂ ಬದಲಾಗದು. ಲಘು ಮಾತ್ರ ಜಾತಿಗೆ ತಕ್ಕಂತೆ ಮೂರು, ನಾಲ್ಕು, ಐದು, ಏಳು ಅಥವಾ ಒಂಬತ್ತು ಅಕ್ಷರಗಳಷ್ಟಾಗುತ್ತದೆ. ಈ ಜಾತಿಗಳಿಗೆ ಅನುಕ್ರಮವಾಗಿ ತಿಶ್ರ, ಚತುರಶ್ರ, ಖಂಡ, ಮಿಶ್ರ, ಸಂಕೀರ್ಣ ಎಂದು ಹೆಸರು. ಮೂರರಲ್ಲಿ ಒಂದೇ ಅಂಗ ಹಿಗ್ಗಿ ಕುಗ್ಗುವುದೇಕೆ ಎಂಬ ಪ್ರಶ್ನೆಯನ್ನು ಹಿಡಿದು ಹೋದರೆ ಈ ಪದ್ಧತಿಯ ಚರಿತ್ರೆ ತಿಳಿಯುತ್ತದೆ.

ಲಘು ಮೊದಲಿಂದಲೂ ಹೀಗಿರಲಿಲ್ಲ. ಕನ್ನಡ ಛಂದಸ್ಸಿನಲ್ಲಿ ಲಘುವಿಗೆ ಒಂದು ಮಾತ್ರೆ, ಗುರುವಿಗೆ ಎರಡು. ಒಂದು ಇನ್ನೊಂದರ ಇಮ್ಮಡಿ ಎಂಬುದೇ ಅಲ್ಲಿನ ಮುಖ್ಯ ಸಂಬಂಧ. ಹಳೆಯ ತಾಳಶಾಸ್ತ್ರವೂ ಇಂಥ ಪ್ರಮಾಣದ ಮೇಲೆಯೇ ನಿಂತಿತ್ತು. ನಾಟ್ಯಶಾಸ್ತ್ರದ ಮಾರ್ಗತಾಳಗಳು ಲಘು, ಗುರು, ಪ್ಲುತಗಳಿಂದ ಆದವು: ಗುರು ಲಘುವಿನ ಎರಡರಷ್ಟು, ಪ್ಲುತ ಮೂರರಷ್ಟು. 13ನೆಯ ಶತಮಾನದಲ್ಲಿ ದೇವಗಿರಿಯ ಸೇವುಣ ದೊರೆ ಸಿಂಘಣನ ಆಶ್ರಯದಲ್ಲಿದ್ದ ಶಾರ್ಙ್ಗದೇವ ತನ್ನ ಸಂಗೀತರತ್ನಾಕರದಲ್ಲಿ 120 ದೇಶೀ ತಾಳಗಳನ್ನು ವಿವರಿಸಿದ. ಅಲ್ಲಿ ದ್ರುತವೆಂದರೆ ಲಘುವಿನ ಅರ್ಧ. ಲಘುವನ್ನು ಎಷ್ಟು ದೀರ್ಘವಾಗಿ ಹಿಡಿದರೂ ಉಳಿದ ಅಂಗಗಳು ಅದರ ಜೊತೆಗೇ ಬೆಳೆಯಬೇಕು, ಜೊತೆಗೇ ಕುಗ್ಗಬೇಕು. ಲಘುವೇ ಅಳತೆಗೋಲಾಗಿದ್ದರಿಂದ ಹೊಸ ನಡೆ ಬೇಕಾದಾಗಲೆಲ್ಲ ಅಂಗಗಳ ಹೊಸ ಜೋಡಣೆಯನ್ನು ಮಾಡಿ ಅದಕ್ಕೊಂದು ಹೊಸ ಹೆಸರಿಡಬೇಕಾಗುತ್ತಿತ್ತು. ತಾಳಗಳ ಪಟ್ಟಿ ನೂರನ್ನು ದಾಟಲು ಇದೂ ಒಂದು ಕಾರಣ.

ಆ ದೊಡ್ಡ ಪಟ್ಟಿಯ ಜಾಗಕ್ಕೆ ಏಳು ತಾಳಗಳು ಬಂದದ್ದಕ್ಕೆ ಕನ್ನಡ ಹರಿದಾಸರ ಸುಳಾದಿಗಳು ಬಲವಾದ ಸಾಕ್ಷಿ. ಸುಳಾದಿ ಎಂಬ ಹೆಸರನ್ನು ಹಳೆಯ ಸಾಲಗಸೂಡ ಪ್ರಬಂಧಕ್ಕೆ ಜೋಡಿಸಿ ವಿವರಿಸುವುದು ರೂಢಿ. ಶ್ರೀಪಾದರಾಜರು, 1539ರಲ್ಲಿ ತೀರಿಕೊಂಡ ವ್ಯಾಸರಾಯರು, 1564ರಲ್ಲಿ ತೀರಿಕೊಂಡ ಪುರಂದರದಾಸರು, ಮುಂದೆ 18ನೆಯ ಶತಮಾನದ ವಿಜಯದಾಸರು ಸುಳಾದಿಗಳನ್ನು ರಚಿಸಿದರು. ಒಂದೇ ರಚನೆಯಲ್ಲಿ ನುಡಿಯಿಂದ ನುಡಿಗೆ ತಾಳ ಬದಲಾಗಿ ಕೊನೆಗೆ ಜತೆಯೆಂಬ ಎರಡು ಸಾಲು ಬರುವುದು ಸುಳಾದಿಯ ಲಕ್ಷಣ. ಅದರಲ್ಲಿ ಮತ್ತೆ ಮತ್ತೆ ಬರುವ ಧ್ರುವ, ಮಠ್ಯ, ರೂಪಕ, ಝಂಪೆ, ತ್ರಿಪುಟ, ಅಟ್ಟ, ಏಕ ಎಂಬ ತಾಳಗಳೇ ಇಂದಿಗೂ ಸುಳಾದಿ ಸಪ್ತತಾಳಗಳು. ಇವುಗಳಿಗೆ ಪರಂಪರೆಯಿಂದ ಬಂದ ಜಾತಿಯನ್ನು ಗಮನಿಸಬೇಕು. ತಾಳದ ಹೆಸರನ್ನಷ್ಟೇ ಹೇಳಿದರೆ ತ್ರಿಪುಟ ತಿಶ್ರಜಾತಿಯದು, ಅಟ್ಟ ಖಂಡಜಾತಿಯದು, ಝಂಪೆ ಮಿಶ್ರಜಾತಿಯದು, ಉಳಿದ ನಾಲ್ಕು ಚತುರಶ್ರಜಾತಿಯವು ಎಂದೇ ಅರ್ಥ. ಏಳನ್ನು ಐದರಿಂದ ಗುಣಿಸಿ 35 ತಾಳಗಳ ಕೋಷ್ಟಕವನ್ನು ಮೊದಲೇ ಮಾಡಿಕೊಂಡಿದ್ದರೆ ಇಷ್ಟು ಅಸಮವಾದ ವಾಡಿಕೆ ಹುಟ್ಟುವ ಕಾರಣವಿರಲಿಲ್ಲ. ಹಾಡಿಕೆಯಲ್ಲಿ ಆಗಲೇ ಬೇರೆ ಬೇರೆ ಉದ್ದದ ಲಘುಗಳಿದ್ದವು, ಶಾಸ್ತ್ರ ಅವನ್ನು ಜಾತಿಯೆಂದು ಹೆಸರಿಸಿ ಎಲ್ಲ ತಾಳಗಳಿಗೂ ಹರಡಿತು ಎಂದು ತಿಳಿಯುವುದೇ ಸಮಂಜಸ.

ತಿಶ್ರ ತ್ರಿಪುಟದಲ್ಲಿ ಲಘುವಿಗೆ ಮೂರು, ಎರಡು ದ್ರುತಗಳಿಗೆ ಎರಡೆರಡು, ಒಟ್ಟು ಏಳು ಅಕ್ಷರ. ದ್ರುತ ಇಲ್ಲಿ ಲಘುವಿನ ಅರ್ಧವಲ್ಲ. ಅದೇ ತ್ರಿಪುಟ ಚತುರಶ್ರವಾದರೆ ನಾಲ್ಕು, ಎರಡು, ಎರಡು ಸೇರಿ ಎಂಟು ಅಕ್ಷರದ ಆದಿತಾಳ. ಅಲ್ಲಿ ಹಳೆಯ ಪ್ರಮಾಣ ಹಾಗೆಯೇ ಉಳಿದಿದೆ. ಪ್ರಮಾಣ ಮುರಿದ ಮೇಲೆ ಲಘು ಎಂಬ ಹೆಸರಿಗೇನು ಅರ್ಥ ಎಂದು ಕೇಳಬಹುದು. ಹೆಸರು ಕಾಲದ ಅಳತೆಯನ್ನು ಬಿಟ್ಟು ಕೈಯ ಕ್ರಿಯೆಗೆ ಅಂಟಿಕೊಂಡಿತು ಎಂಬುದೇ ಉತ್ತರ. ಘಾತದ ಮೇಲೆ ಬೆರಳೆಣಿಕೆ ಬಂದರೆ ಅದು ಲಘು. ಎಷ್ಟು ಬೆರಳು ಎಂಬುದನ್ನು ಜಾತಿ ಹೇಳುತ್ತದೆ.

ತಾಳವೆಂದರೆ ಬರಿಯ ಸಂಖ್ಯೆಯಲ್ಲ ಎಂಬುದಕ್ಕೆ ಹತ್ತು ಅಕ್ಷರದ ಎರಡು ತಾಳಗಳನ್ನು ಹೋಲಿಸಬಹುದು. ಚತುರಶ್ರ ಮಠ್ಯದಲ್ಲಿ ಲಘು, ದ್ರುತ, ಲಘು: ನಾಲ್ಕು, ಎರಡು, ನಾಲ್ಕು. ಘಾತಗಳು ಒಂದು, ಐದು, ಏಳನೆಯ ಅಕ್ಷರಗಳಲ್ಲಿ ಬೀಳುತ್ತವೆ. ಮಿಶ್ರ ಝಂಪೆಯಲ್ಲಿ ಲಘು, ಅನುದ್ರುತ, ದ್ರುತ: ಏಳು, ಒಂದು, ಎರಡು. ಮೊದಲ ಘಾತದ ಬಳಿಕ ಐದು ಬೆರಳುಗಳನ್ನೂ ಎಣಿಸಿ, ಮತ್ತೆ ಕಿರುಬೆರಳಿಗೆ ಬಂದು ಏಳನ್ನು ಮುಗಿಸಬೇಕು. ಎಂಟರಲ್ಲಿ ಅನುದ್ರುತದ ಘಾತ, ಒಂಬತ್ತರಲ್ಲಿ ದ್ರುತದ ಘಾತ, ಹತ್ತರಲ್ಲಿ ಹುಸಿ. ಅಲಂಕಾರ ಕಲಿಯುವವರು ಮಠ್ಯದಲ್ಲಿ ಸರಿಗರಿ, ಸರಿ, ಸರಿಗಮ ಎಂದೂ ಝಂಪೆಯಲ್ಲಿ ಸರಿಗಸರಿಸರಿ, ಗ, ಮಾ ಎಂದೂ ಹಾಡುತ್ತಾರೆ. ಎರಡೂ ಷಡ್ಜದಿಂದ ಮಧ್ಯಮಕ್ಕೇ ಏರುತ್ತವೆ, ಆದರೆ ಝಂಪೆಯಲ್ಲಿ ಗಾಂಧಾರವೊಂದೇ ಅನುದ್ರುತದ ಮೇಲೆ ಒಂಟಿಯಾಗಿ ನಿಲ್ಲುತ್ತದೆ. ಎಂಟು, ಒಂಬತ್ತರಲ್ಲಿ ಘಾತಗಳು ಬೆನ್ನುಬೆನ್ನಿಗೆ ಬರುವುದರಿಂದ ಕಲಿಯುವವರು ಎಡವುವುದು ಇಲ್ಲಿಯೇ. ಎಂಟರ ಘಾತದ ಮೇಲೂ ಒಂದು ಹುಸಿ ಸೇರಿದರೆ ಆವರ್ತ ಹನ್ನೊಂದಾಗುತ್ತದೆ, ಮುಂದಿನ ಆವರ್ತದ ಮೊದಲ ಸ್ವರ ಕೈಗಿಂತ ಒಂದು ಅಕ್ಷರ ಮುಂದಾಗಿ ಬೀಳುತ್ತದೆ. ಏಳು ತಾಳಗಳಲ್ಲಿ ಅನುದ್ರುತವಿರುವುದು ಝಂಪೆಯೊಂದರಲ್ಲೇ.

ಇದನ್ನು ಹಿಂದುಸ್ತಾನಿ ಪದ್ಧತಿಯೊಡನೆ ಹೋಲಿಸಬಹುದು. ಆ ಪದ್ಧತಿಯ ಕಿವಿಗೆ ತಾಳವೆಂದರೆ ತಬಲಾದ ಠೇಕಾ. ಹಿಂದುಸ್ತಾನಿಯ ಝಪತಾಲಕ್ಕೂ ಹತ್ತು ಮಾತ್ರೆಗಳೇ, ಆದರೆ ವಿಭಾಗ ಎರಡು, ಮೂರು, ಎರಡು, ಮೂರು. ಅಲ್ಲಿ ತಾಳವನ್ನು ಗುರುತಿಸಿಕೊಡುವುದು ಠೇಕೆಯ ಬೋಲು. ಕರ್ನಾಟಕ ಪದ್ಧತಿಯಲ್ಲಿ ಹಾಡುವವರ ಕೈಯೇ ಆ ಕೆಲಸ ಮಾಡುತ್ತದೆ. ಆದ್ದರಿಂದ ಮೃದಂಗ ಒಂದೇ ಪಾಠವನ್ನು ಪ್ರತಿ ಆವರ್ತದಲ್ಲೂ ನುಡಿಸಬೇಕಿಲ್ಲ. ಸಾಹಿತ್ಯವನ್ನು ಹಿಂಬಾಲಿಸಬಹುದು, ಅಡ್ಡ ಲೆಕ್ಕವನ್ನೂ ಹಿಡಿಯಬಹುದು.

ತಾಳವನ್ನು ಕೈಯ ಕ್ರಿಯೆಯೇ ಗುರುತಿಸುತ್ತದೆ ಎಂಬ ಈ ವಾದಕ್ಕೆ ದೊಡ್ಡ ಆಕ್ಷೇಪ ಕಛೇರಿಯಿಂದಲೇ ಬರುತ್ತದೆ. ಅಲ್ಲಿ ಹೆಚ್ಚಾಗಿ ಕೇಳುವುದು ಆದಿ, ರೂಪಕ ಮತ್ತು ಚಾಪುಗಳು. ರೂಪಕವನ್ನೂ ಅನೇಕರು ದ್ರುತ, ಲಘುವಾಗಿ ಹಾಕದೆ ಎರಡು ಘಾತ, ಒಂದು ಹುಸಿಯಲ್ಲಿ ಮುಗಿಸುತ್ತಾರೆ. ಚಾಪುವಿನಲ್ಲಂತೂ ಬೆರಳೆಣಿಕೆಯೇ ಇಲ್ಲ. ಹಾಗಾದರೆ ಅಂಗಗಳ ಲೆಕ್ಕ ಪುಸ್ತಕದ ಮಾತೇ? 35ರಲ್ಲಿ ಬಹುಪಾಲು ಅಭ್ಯಾಸಕ್ಕೂ ಪಲ್ಲವಿಗೂ ಸೀಮಿತವೆಂಬುದು ನಿಜ. ಆದರೆ ಮಿಶ್ರ ಚಾಪುವಿನ ಮೂರು, ನಾಲ್ಕರ ನಡೆಯೂ ತಿಶ್ರ ತ್ರಿಪುಟದ ಮೂರು, ಎರಡು, ಎರಡೂ ಏಳನ್ನು ಒಂದೇ ಕಡೆ ಕತ್ತರಿಸುತ್ತವೆ. ಈ ನಡೆ ಕನ್ನಡಕ್ಕೆ ಹೊಸತೂ ಅಲ್ಲ: ಕುಮಾರವ್ಯಾಸನ ಭಾಮಿನಿ ಷಟ್ಪದಿ ನಡೆಯುವುದು ಇದೇ ಮೂರು, ನಾಲ್ಕರ ಗಣಗಳಲ್ಲಿ. ನಡೆ ವೇಗವಾದಾಗ ಬೆರಳುಗಳು ಹಿಂದೆ ಉಳಿಯುತ್ತವೆ, ಕೈಗೆ ಘಾತಗಳಷ್ಟೇ ಸಾಕಾಗುತ್ತವೆ. ನಡೆ ವಿಳಂಬವಾದಾಗ ಘಾತಗಳ ನಡುವಿನ ಅಂತರ ಹಿಗ್ಗಿ, ಅದನ್ನು ಎಣಿಸಲು ಮತ್ತೆ ಬೆರಳುಗಳೇ ಬೇಕಾಗುತ್ತವೆ. ಖಂಡ ಅಟ್ಟತಾಳದ ವರ್ಣವನ್ನು ಹಾಡುವಾಗ ಹದಿನಾಲ್ಕು ಅಕ್ಷರಗಳ ದಾರಿಯಲ್ಲಿ ಎಲ್ಲಿದ್ದೇವೆಂದು ತಿಳಿಯುವುದು ಲಘುವಿನ ಆ ಬೆರಳೆಣಿಕೆಯಿಂದಲೇ.