ಸರಾಸರಿ

ಪಾರಸಿಯ ‘ಸರಾಸರ್’ ಎಂದರೆ ಈ ತುದಿಯಿಂದ ಆ ತುದಿಯವರೆಗೆ, ಪೂರ್ತಿಯಾಗಿ. ಅದರಿಂದ ಬಂದ ‘ಸರಾಸರಿ’ ಕನ್ನಡದಲ್ಲಿ ಎಲ್ಲವನ್ನೂ ಕೂಡಿ ಎಣಿಕೆಯಿಂದ ಭಾಗಿಸಿದ ಲೆಕ್ಕವಾಗಿ ನಿಂತಿದೆ. ಆದರೆ ‘ಸರಾಸರಿ ತೆಗೆಯಿರಿ’ ಎಂದಷ್ಟೇ ಹೇಳಿದರೆ ಲೆಕ್ಕ ಮುಗಿಯುವುದಿಲ್ಲ.

ನಂಜನಗೂಡು ತಾಲ್ಲೂಕಿನ ಐದು ಮಳೆಮಾಪಕಗಳ ಒಂದು ದಿನದ ಪಟ್ಟಿ ಹೀಗಿದೆ ಎನ್ನಿ: 10, 12, 14, 64 ಮಿ.ಮೀ., ಐದನೆಯದು ಖಾಲಿ. ಖಾಲಿಯನ್ನು ಬಿಟ್ಟರೆ ಸರಾಸರಿ 25. ಸೊನ್ನೆ ಎಂದುಕೊಂಡರೆ 20. ಕಂಪ್ಯೂಟರಿನ `=AVERAGE(B2:B6)` ಖಾಲಿ ಮನೆಯನ್ನು ಬಿಡುತ್ತದೆ, ಬರೆದ ಸೊನ್ನೆಯನ್ನು ಸೇರಿಸುತ್ತದೆ. ಆದ್ದರಿಂದ ಮಳೆ ಬರಲಿಲ್ಲವೋ, ಅಳತೆಯನ್ನೇ ತೆಗೆಯಲಿಲ್ಲವೋ ಎಂಬುದು ಮೊದಲು ತಿಳಿಯಬೇಕು.

ಒಂದೇ ಕಡೆ ಸುರಿದ 64 ಇಡೀ ಸರಾಸರಿಯನ್ನು ಮೇಲೆಳೆದಿದೆ. ಏರಿಕೆಯಲ್ಲಿ ಜೋಡಿಸಿ ನಡುವಿನದನ್ನು ಹಿಡಿಯುವ ಮಧ್ಯಾಂಕ, ಖಾಲಿಯನ್ನು ಬಿಟ್ಟರೆ, ಇಲ್ಲಿ 12 ಮತ್ತು 14ರ ನಡುವಿನ 13. ಹೆಚ್ಚಿನ ಊರುಗಳು ಕಂಡ ಮಳೆಗೆ ಇದೇ ಹತ್ತಿರ.

ಪಕ್ಕದ ತಿ. ನರಸೀಪುರವನ್ನೂ ಸೇರಿಸುವಾಗ ಎರಡು ತಾಲ್ಲೂಕುಗಳ ಸರಾಸರಿಯನ್ನು ಕೂಡಿ ಎರಡರಿಂದ ಭಾಗಿಸಬಾರದು. ನಂಜನಗೂಡು ವಿಸ್ತಾರದಲ್ಲಿ ದೊಡ್ಡದು. ವಿಸ್ತೀರ್ಣಕ್ಕೆ ತಕ್ಕ ತೂಕ ಕೊಡಬೇಕು.

ಸರಾಸರಿ ಕೇಳುವವರು ಯಾವ ಬಗೆಯದು, ಖಾಲಿಗೇನು ಮಾಡಬೇಕು, ಯಾವುದಕ್ಕೆಷ್ಟು ತೂಕ ಎಂಬ ಮೂರನ್ನೂ ಹೇಳಿಯೇ ಕೇಳಲಿ.